ಹಾಲಿನ ಲೆಕ್ಕ, ಪುಸ್ತಕದ ಲೆಕ್ಕ, ಮಳೆಯ ಲೆಕ್ಕ

ಓದು ಮುಗಿಸಿ ಮೊದಲ ಸಾಫ್ಟ್‌ವೇರ್ ಕೆಲಸ ಹುಡುಕುವವರ ರೆಸ್ಯೂಮೆಗಳಲ್ಲಿ ಪ್ರಾಜೆಕ್ಟ್ ಎಂಬ ತಲೆಬರಹದ ಕೆಳಗೆ ಬಹುಪಾಲು ಅವೇ ಹೆಸರುಗಳು ಕಾಣುತ್ತವೆ: ನೆಟ್‌ಫ್ಲಿಕ್ಸ್ ಕ್ಲೋನ್, ಆನ್‌ಲೈನ್ ಅಂಗಡಿ, ಚಾಟ್ ಆ್ಯಪ್. ದೊಡ್ಡದನ್ನು ತೋರಿಸಿದರೆ ಬೇಗ ಕಣ್ಣಿಗೆ ಬೀಳುತ್ತೇವೆ ಎಂಬ ನಂಬಿಕೆ ಇದರ ಹಿಂದಿದೆ. ಅದು ತಪ್ಪು ಎಂದು ನಾನು ವಾದಿಸುತ್ತೇನೆ. ಟ್ಯುಟೋರಿಯಲ್ ನೋಡಿ ಕಟ್ಟಿದ ಅಂಗಡಿಯಲ್ಲಿ ಯಾವ ಟೇಬಲ್ ಬೇಕು, ಯಾವ ಬಟನ್ ಎಲ್ಲಿರಬೇಕು ಎಂಬುದನ್ನೆಲ್ಲ ಬೇರೆ ಯಾರೋ ಆಗಲೇ ತೀರ್ಮಾನಿಸಿರುತ್ತಾರೆ. ಸಂದರ್ಶನದಲ್ಲಿ ‘ಇದನ್ನು ಹೀಗೇಕೆ ಮಾಡಿದಿರಿ?’ ಎಂದು ಕೇಳಿದರೆ ಉತ್ತರ ಹುಟ್ಟುವುದಿಲ್ಲ. ಜೂನಿಯರ್ ಕೆಲಸಕ್ಕೆ ಆರಿಸುವವರು ಹುಡುಕುವುದು ಆ ಉತ್ತರವನ್ನೇ.

ಅರ್ಜಿ ಹಾಕುವ ಮುನ್ನ ಮೂರು ಸಣ್ಣ ಪ್ರಾಜೆಕ್ಟ್‌ಗಳು ಕೈಯಲ್ಲಿದ್ದರೆ ಸಾಕು. ಮೂರೂ ಬೇರೆ ಬೇರೆ ಕಡೆ ಕಷ್ಟ ಕೊಡುವಂತಿರಬೇಕು. ಒಂದು, ಬ್ರೌಸರ್‌ನಲ್ಲೇ ನಡೆದು ಒಬ್ಬ ನಿಜವಾದ ಮನುಷ್ಯ ದಿನವೂ ಬಳಸುವಂಥದ್ದು. ಎರಡನೆಯದು, ಡೇಟಾಬೇಸ್‌ನಲ್ಲಿ ಮಾಹಿತಿಯನ್ನು ಕೆಡದಂತೆ ಕಾಯುವಂಥದ್ದು. ಮೂರನೆಯದು, ಇನ್ನೊಬ್ಬರು ಬರೆದಿಟ್ಟ ಗೊಂದಲದ ಅಂಕಿಗಳನ್ನು ಓದಿ ಉತ್ತರ ಹೇಳುವಂಥದ್ದು. ಕೆಲಸಕ್ಕೆ ಸೇರಿದ ಮೊದಲ ವರ್ಷ ಕೈಗೆ ಬರುವ ಕೆಲಸಗಳೂ ಹೆಚ್ಚುಕಡಿಮೆ ಈ ಮೂರು ಬಗೆಯವೇ.

ಮೊದಲನೆಯದಕ್ಕೆ ಹಾಲಿನ ಲೆಕ್ಕವನ್ನು ತೆಗೆದುಕೊಳ್ಳೋಣ. ಡೇರಿಗೆ ಹಾಲು ಹಾಕುವ ಮನೆ. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು ಲೀಟರ್ ಎಂದು ಬರೆದಿಡುವ ಒಂದು ಪುಟ. ದಿನಾಂಕ ತಾನೇ ತುಂಬಿಕೊಳ್ಳಲಿ ಎಂದು ಹೊಸಬರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ:

```js
const today = new Date().toISOString().slice(0, 10);
```

ಮಧ್ಯಾಹ್ನ ಕೂತು ಪರೀಕ್ಷಿಸಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಆದರೆ ಅಮ್ಮ ಹಸು ಕರೆದು ಬೆಳಗಿನ ಐದಕ್ಕೆ ಲೀಟರ್ ಬರೆದರೆ ಅದು ನಿನ್ನೆಯ ದಿನಾಂಕಕ್ಕೆ ಹೋಗಿ ಕೂರುತ್ತದೆ. `toISOString` ಕೊಡುವುದು ಯುಟಿಸಿ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಹಾಗಾಗಿ ನಡುರಾತ್ರಿಯಿಂದ ಬೆಳಗಿನ 5:30ರವರೆಗೆ ಈ ಸಾಲಿಗೆ ಇನ್ನೂ ನಿನ್ನೆಯೇ ನಡೆಯುತ್ತಿರುತ್ತದೆ. ಒಂದೇ ದಿನಕ್ಕೆ ಎರಡು ಬೆಳಗಿನ ಹಾಲು, ಮರುದಿನಕ್ಕೆ ಒಂದೂ ಇಲ್ಲ. ತಿಂಗಳ ಮೊದಲ ದಿನದ ಹಾಲು ಹಿಂದಿನ ತಿಂಗಳ ಬಿಲ್ಲಿಗೆ. `getFullYear`, `getMonth`, `getDate` ಇವುಗಳಿಂದ ಸ್ಥಳೀಯ ದಿನಾಂಕವನ್ನು ಕಟ್ಟಿಕೊಂಡರೆ ತೊಂದರೆ ತೀರುತ್ತದೆ. `getMonth` ಜನವರಿಯನ್ನು ಸೊನ್ನೆಯೆಂದು ಎಣಿಸುವುದರಿಂದ ಒಂದನ್ನು ಕೂಡಿಸಬೇಕು. ಪುಟ ಎಷ್ಟೇ ಸಾದಾ ಇರಲಿ, ಈ ದೋಷವನ್ನು ಹಿಡಿದು ಸರಿಪಡಿಸಿದವರಿಗೆ ಸಂದರ್ಶನದಲ್ಲಿ ಹತ್ತು ನಿಮಿಷ ಮಾತಾಡುವಷ್ಟು ಸ್ವಂತ ವಿಷಯ ಇರುತ್ತದೆ. ಪರೀಕ್ಷೆಯ ವೇಳೆಯೇ ಬೇರೆ, ಬಳಕೆಯ ವೇಳೆಯೇ ಬೇರೆ ಎಂಬುದನ್ನು ಅವರು ಅನುಭವದಿಂದ ಹೇಳಬಲ್ಲರು. ಮನೆಯವರ ಕೈಗೆ ಕೊಡದೆ ಬರೀ ತೋರಿಕೆಗೆಂದು ಕಟ್ಟಿದ್ದರೆ ಈ ದೋಷ ಕಣ್ಣಿಗೇ ಬೀಳುತ್ತಿರಲಿಲ್ಲ.

ಎರಡನೆಯದು ಊರಿನದೋ ಹಾಸ್ಟೆಲಿನದೋ ಗ್ರಂಥಾಲಯದ ಎರವಲು ಪುಸ್ತಕಗಳ ಲೆಕ್ಕ. ಯಾವ ಪುಸ್ತಕ ಯಾರ ಬಳಿ ಇದೆ, ಯಾವತ್ತು ಕೊಟ್ಟದ್ದು, ಯಾವತ್ತು ವಾಪಸು ಬಂತು, ಇಷ್ಟೇ. ಇಲ್ಲಿ ಕಾಯಬೇಕಾದ ನಿಯಮ ಒಂದೇ: ಒಂದು ಪ್ರತಿ ಒಂದೇ ಹೊತ್ತಿನಲ್ಲಿ ಇಬ್ಬರ ಹೆಸರಿನಲ್ಲಿ ಇರಬಾರದು. ಹೆಚ್ಚಿನವರು ಮೊದಲು ‘ಪುಸ್ತಕ ಹೊರಗಿದೆಯೇ?’ ಎಂದು ಡೇಟಾಬೇಸನ್ನು ಕೇಳಿ, ಇಲ್ಲ ಎಂದಾದ ಮೇಲೆ ಹೊಸ ಸಾಲು ಸೇರಿಸುತ್ತಾರೆ. ಕೇಳುವುದಕ್ಕೂ ಸೇರಿಸುವುದಕ್ಕೂ ನಡುವೆ ಕ್ಷಣಮಾತ್ರದ ಬಿಡುವು ಇದೆ. ಅಷ್ಟರಲ್ಲಿ ಇನ್ನೊಂದು ಕೌಂಟರಿನವರು ಅದೇ ಪುಸ್ತಕಕ್ಕೆ ಬಟನ್ ಒತ್ತಿದರೆ ಇಬ್ಬರಿಗೂ ‘ಇಲ್ಲ’ ಎಂಬ ಉತ್ತರವೇ ಸಿಕ್ಕಿ, ಎರಡು ಸಾಲು ಬೀಳುತ್ತವೆ. ನಿಧಾನ ನೆಟ್‌ವರ್ಕ್‌ನಲ್ಲಿ ಒಬ್ಬರೇ ಬಟನ್ ಎರಡು ಸಲ ಒತ್ತಿದರೂ ಇದೇ ಆಗಬಹುದು.

ಕೋಡಿನಲ್ಲಿ ಇನ್ನೊಂದು `if` ಸೇರಿಸಿದರೆ ಇದು ಸರಿಹೋಗುವುದಿಲ್ಲ. ನಿಯಮವನ್ನು ಡೇಟಾಬೇಸಿಗೇ ಒಪ್ಪಿಸಬೇಕು:

```sql
CREATE UNIQUE INDEX one_open_loan
ON loans (book_id)
WHERE returned_on IS NULL;
```

ವಾಪಸು ಬಾರದ ಸಾಲುಗಳಲ್ಲಿ ಒಂದು ಪುಸ್ತಕದ ಸಂಖ್ಯೆ ಒಮ್ಮೆ ಮಾತ್ರ ಇರಬೇಕು ಎಂಬುದು ಇದರ ಅರ್ಥ. ಹಳೆಯ ಎರವಲುಗಳೆಲ್ಲ ಹಾಗೆಯೇ ಉಳಿಯುತ್ತವೆ, ಏಕೆಂದರೆ ಅವುಗಳಲ್ಲಿ ವಾಪಸಿನ ದಿನಾಂಕ ತುಂಬಿರುತ್ತದೆ. ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್ ಎರಡರಲ್ಲೂ ಇದು ನಡೆಯುತ್ತದೆ. ಈಗ ಎರಡನೆಯವರ ಸಾಲನ್ನು ಡೇಟಾಬೇಸೇ ನಿರಾಕರಿಸುತ್ತದೆ. ಆ ನಿರಾಕರಣೆಯನ್ನು ಹಿಡಿದು ‘ಈ ಪುಸ್ತಕವನ್ನು ಈಗಷ್ಟೇ ಬೇರೊಬ್ಬರಿಗೆ ಕೊಡಲಾಗಿದೆ’ ಎಂದು ತೋರಿಸುವುದು ನಮ್ಮ ಕೆಲಸ.

ಇದು ನಿಜವಾಗಿ ನಡೆಯುತ್ತದೆಯೇ ಎಂದು ನೋಡುವ ಬಗೆಯೂ ಸುಲಭ. ಕೇಳುವ ಸಾಲಿಗೂ ಸೇರಿಸುವ ಸಾಲಿಗೂ ಮಧ್ಯೆ ಬೇಕೆಂದೇ ಐದು ಸೆಕೆಂಡ್ ತಡೆ ಹಾಕಿ, ಎರಡು ಬ್ರೌಸರ್ ಕಿಟಕಿಗಳಿಂದ ಒಂದೇ ಪುಸ್ತಕಕ್ಕೆ ಬಟನ್ ಒತ್ತಿ. ಇಂಡೆಕ್ಸ್ ಇಲ್ಲದಾಗ ಎರಡೂ ಸಾಲು ಬೀಳುತ್ತವೆ, ಇದ್ದಾಗ ಒಂದೇ. ಪ್ರಾಜೆಕ್ಟಿನ ಜೊತೆಗಿಡುವ `README` ಕಡತದಲ್ಲಿ ಈ ಪ್ರಯೋಗವನ್ನು ನಾಲ್ಕು ಸಾಲಿನಲ್ಲಿ ಬರೆದಿಟ್ಟರೆ, ಬಣ್ಣಬಣ್ಣದ ಹತ್ತು ಸ್ಕ್ರೀನ್‌ಶಾಟ್‌ಗಳಿಗಿಂತ ಅದರ ತೂಕ ಹೆಚ್ಚು ಎಂದು ನಾನು ನಂಬಿದ್ದೇನೆ.

ಮೂರನೆಯದನ್ನು ಚಿಕ್ಕದಾಗಿಯೇ ಹೇಳಬಹುದು. ಒಂದು ಮಳೆಮಾಪನ ಕೇಂದ್ರದ ದಿನದಿನದ ಅಂಕಿಗಳಿರುವ ಸಿಎಸ್‌ವಿ ಕಡತ, ಅದರಿಂದ ಸರಾಸರಿ ತೆಗೆಯುವ ಒಂದು ಪೈಥಾನ್ ಸ್ಕ್ರಿಪ್ಟ್. ಕೆಲವು ದಿನಗಳ ಜಾಗ ಖಾಲಿ ಇರುತ್ತದೆ. ಖಾಲಿಯನ್ನು ಸಂಖ್ಯೆ ಮಾಡಹೊರಟರೆ ಪೈಥಾನ್ ದೋಷ ತೋರಿಸಿ ನಿಲ್ಲುತ್ತದೆ. ಅದನ್ನು ಸುಮ್ಮನಾಗಿಸಲು `float(x or 0)` ಎಂದು ಬರೆದುಬಿಡುವುದು ರೂಢಿ. ಹತ್ತು ದಿನಗಳಲ್ಲಿ ನಾಲ್ಕು ಖಾಲಿ, ಉಳಿದ ಆರು ದಿನ ಸೇರಿ 60 ಮಿಲಿಮೀಟರ್ ಎಂದುಕೊಳ್ಳಿ. ಅಳತೆಯಾದ ದಿನಗಳ ಸರಾಸರಿ 10. ಆ ಸಾಲು ಕೊಡುವ ಉತ್ತರ 6. ಮಳೆ ಬಾರದ ದಿನಕ್ಕೂ ಯಾರೂ ಅಳೆಯದ ದಿನಕ್ಕೂ ವ್ಯತ್ಯಾಸವಿದೆ. ಖಾಲಿ ದಿನಗಳನ್ನು ಬಿಟ್ಟು ಲೆಕ್ಕ ಹಾಕಿ, ಎಷ್ಟು ದಿನ ಬಿಟ್ಟೆವು ಎಂಬುದನ್ನೂ ಉತ್ತರದ ಪಕ್ಕದಲ್ಲೇ ಅಚ್ಚು ಹಾಕಬೇಕು.

ಇದನ್ನೆಲ್ಲ ಯಾರು ತೆರೆದು ನೋಡುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಾವಿರಾರು ಮಂದಿಯನ್ನು ಒಟ್ಟಿಗೆ ಕೂರಿಸಿ ಆ್ಯಪ್ಟಿಟ್ಯೂಡ್ ಪರೀಕ್ಷೆಯಿಂದ ಸೋಸುವ ಕ್ಯಾಂಪಸ್ ನೇಮಕಾತಿಯಲ್ಲಿ ಮೊದಲ ಸುತ್ತು ದಾಟಿಸಲು ಇವು ನೆರವಾಗುವುದಿಲ್ಲ. ಅದಕ್ಕೆ ಬೇರೆಯೇ ತಯಾರಿ ಬೇಕು. ಆದರೆ ಸಣ್ಣ ಕಂಪನಿಗೆ ನೇರವಾಗಿ ಅರ್ಜಿ ಹಾಕುವಾಗ, ಪರಿಚಯದವರು ಹೆಸರು ಹೇಳಿ ಕಳಿಸಿದಾಗ, ಕೊನೆಯ ಸುತ್ತಿನಲ್ಲಿ ಎದುರಿಗೆ ಒಬ್ಬ ಎಂಜಿನಿಯರ್ ಕೂತಾಗ ಮಾತು ಪ್ರಾಜೆಕ್ಟಿನ ಕಡೆಗೇ ತಿರುಗುತ್ತದೆ. ಕೆಲಸದ ಅನುಭವವಿಲ್ಲದ ಫ್ರೆಶರ್‌ನನ್ನು ಅವರು ಬೇರೇನು ಕೇಳಿಯಾರು?

ಮೂರೂ ಆಯಿತು ಎನ್ನುವ ಮುನ್ನ ಗೆಳೆಯರ ಲ್ಯಾಪ್‌ಟಾಪಿನಲ್ಲಿ ಗಿಟ್‌ಹಬ್‌ನಿಂದ ಇಳಿಸಿಕೊಂಡು, `README` ಹೇಳಿದಷ್ಟನ್ನೇ ಮಾಡಿ, ನಡೆಯುತ್ತದೆಯೇ ನೋಡಬೇಕು. ಎಷ್ಟೋ ಸಲ ಅಲ್ಲಿ ಮುಗ್ಗರಿಸುತ್ತದೆ: ಟೇಬಲ್‌ಗಳನ್ನು ಕೈಯಾರೆ ಸೃಷ್ಟಿಸಿದ್ದು ಬರೆದಿಟ್ಟಿರುವುದಿಲ್ಲ, ಅಥವಾ ಪಾಸ್‌ವರ್ಡ್ ಇರುವ `.env` ಕಡತ ತಪ್ಪಿ ಗಿಟ್‌ಹಬ್‌ಗೆ ಏರಿರುತ್ತದೆ. ಅಂಥ ಕಡತವನ್ನು ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ ಅದು ಉಳಿದೇ ಇರುತ್ತದೆ. ಆದ್ದರಿಂದ ಮೊದಲು ಪಾಸ್‌ವರ್ಡನ್ನೇ ಬದಲಿಸಿ, ಬಳಿಕ ಕಡತವನ್ನು ಗಿಟ್‌ನಿಂದ ತೆಗೆದು `.gitignore`ಗೆ ಅದರ ಹೆಸರು ಸೇರಿಸಬೇಕು. ಇಷ್ಟಾದ ಮೇಲೆ ನಾಲ್ಕನೆಯ ಪ್ರಾಜೆಕ್ಟಿಗೆ ಕೈ ಹಾಕದೆ ಅರ್ಜಿ ಕಳಿಸಲು ತೊಡಗಬಹುದು.