ಉತ್ತರ ಬಾರದ ಪತ್ರ

ಅಕ್ಕಲಕೋಟೆ, ಜತ್ತ ತಾಲೂಕುಗಳ ಕನ್ನಡ ಹಳ್ಳಿಗಳಲ್ಲಿ ಭಜನೆ ಹಾಗೂ ಗೀಗೀ ಮೇಳದ ಹಿರಿಯರ ಮನೆಯಲ್ಲಿ ಕೈಬರಹದ ಹಾಡಿನ ವಹಿಗಳು ಇರುವುದುಂಟು. ಕಿರುಪ್ರಬಂಧಕ್ಕಾಗಿ ಅವನ್ನು ನೋಡಬಯಸಿದ ವಿದ್ಯಾರ್ಥಿನಿಯೊಬ್ಬಳು ಹತ್ತು ಪತ್ರ ಬರೆದಳೆಂದು ಭಾವಿಸೋಣ. ಒಬ್ಬರು ಬರಹೇಳಿದರು, ಒಬ್ಬರು "ವಹಿ ಕೊಡಂಗಿಲ್ಲ" ಎಂದರು, ಎಂಟು ಮನೆಗಳಿಂದ ಉತ್ತರವೇ ಇಲ್ಲ. ಒಂಬತ್ತು ಮಂದಿ ತನ್ನನ್ನು ತಿರಸ್ಕರಿಸಿದರೆಂದು ಅವಳು ವಿಷಯವನ್ನೇ ಬದಲಿಸಲು ಹೊರಡುತ್ತಾಳೆ. ಈ ಲೆಕ್ಕವೇ ತಪ್ಪು. ಅಲ್ಲಿರುವುದು ಒಂದೇ ನಿರಾಕರಣೆ; ಉಳಿದ ಎಂಟರ ಅರ್ಥ ಇನ್ನೂ ತಿಳಿದಿಲ್ಲ.

ಗಡಿಭಾಗದ ಮೌನಕ್ಕೆ ಇಲ್ಲಿನದೇ ಆದ ಕಾರಣವೊಂದುಂಟು. ಹಾಡುವ ಅಜ್ಜನಿಗೆ ಕನ್ನಡ ಮನೆಮಾತು, ಆದರೆ ಅಕ್ಷರ ಬಾರದು. ಪತ್ರ ಓದಿ ಹೇಳಬೇಕಾದ ಮೊಮ್ಮಗ ಕಲಿತದ್ದು ಮರಾಠಿ ಶಾಲೆಯಲ್ಲಿ. ಅಚ್ಚಗನ್ನಡದ ಆ ಪತ್ರ ದೇವರ ಪಟದ ಹಿಂದೆ ಭದ್ರವಾಗಿ ಕುಳಿತಿರುತ್ತದೆ! ಮಾಘ, ಫಾಲ್ಗುಣದ ಜೋಳದ ರಾಶಿಯ ದಿನಗಳಲ್ಲಂತೂ ಓದಬಲ್ಲವರಿಗೂ ಪುರುಸೊತ್ತಿರದು. ಆದುದರಿಂದ ಹದಿನೈದು ದಿನ ಬಿಟ್ಟು, ಕೆಳಗೆ ನಾಲ್ಕು ಸಾಲು ಮರಾಠಿ ಸೇರಿಸಿ, ಒಮ್ಮೆ ಮಾತ್ರ ನೆನಪಿಸುವುದು ಯುಕ್ತ.

ಸ್ಪಷ್ಟವಾಗಿ "ಇಲ್ಲ" ಎಂದವರೇ ಹೆಚ್ಚು ಕಲಿಸುವವರು. ಅವಳ ಮೊದಲ ಪತ್ರದಲ್ಲಿ "ತಮ್ಮಲ್ಲಿರುವ ಸಾಹಿತ್ಯವನ್ನು ಅಧ್ಯಯನಕ್ಕಾಗಿ ಒದಗಿಸಿ ಸಹಕರಿಸಬೇಕಾಗಿ ವಿನಂತಿ" ಎಂದಿತ್ತು. ವ್ಯಾಕರಣದಲ್ಲಿ ದೋಷವಿಲ್ಲ. ಆದರೆ ಓದುವವರಿಗೆ ಅದರಲ್ಲಿ ಕೇಳಿಸುವುದು ವಹಿ ಮನೆ ಬಿಟ್ಟು ಹೋಗುತ್ತದೆಂಬ ಮಾತು; ಹಿಂದೆ ಯಾರೋ ಒಯ್ದ ವಹಿ ಮರಳಿರಲಿಕ್ಕಿಲ್ಲ. ಬರಹೇಳಿದ ಒಬ್ಬರ ಪತ್ರದ ಅಂಚಿನಲ್ಲಿ ಮಾತ್ರ "ನಾನೇ ಬಂದು ನೋಡುತ್ತೇನೆ" ಎಂದು ಅವಳು ಕೈಯಿಂದ ಬರೆದಿದ್ದಳು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ವ್ಯತ್ಯಾಸ ಕಾಣುತ್ತದೆ. ಮುಂದಿನ ಪತ್ರ ಹೀಗಾಗಬಹುದು: "ಅಜ್ಜಾವರೇ, ತಮ್ಮ ಮನೆಯಲ್ಲಿ, ತಮ್ಮೆದುರಿಗೇ ಕುಳಿತು ನಾಲ್ಕು ಹಾಡು ಬರೆದುಕೊಳ್ಳುವೆ. ವಹಿ ಒಯ್ಯುವುದಿಲ್ಲ. ಬರುವ ಸಂತೆಯ ದಿನ ಬರಲೇ?"

ಇಂಥ ಹೋಲಿಕೆ ನೆನಪಿನಿಂದ ಸಾಧ್ಯವಾಗದು, ಏಕೆಂದರೆ ನೆನಪು ನೋವನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ಯಾರಿಗೆ, ಎಂದು, ಏನು ಕೇಳಿದ್ದು, ಬಂದ ಉತ್ತರದ ಮಾತುಗಳೇನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ಒಂದು ಸುತ್ತಿನಲ್ಲಿ ಒಂದನ್ನೇ ಬದಲಿಸಬೇಕು. ಒಕ್ಕಣೆಯನ್ನೂ ಬದಲಿಸಿ, ಮರಾಠಿಯನ್ನೂ ಸೇರಿಸಿ, ಸೋದರಮಾವನ ಶಿಫಾರಸನ್ನೂ ತಂದರೆ ಬಾಗಿಲು ತೆರೆದದ್ದು ಯಾವುದರಿಂದಲೆಂದು ತಿಳಿಯದು. (ಸಾಮಾನ್ಯವಾಗಿ ಸೋದರಮಾವನಿಂದಲೇ!) ಹತ್ತರಲ್ಲಿ ಒಂದಿದ್ದದ್ದು ಎರಡಾದರೆ ಅದನ್ನು ಗೆಲುವೆನ್ನಲೂ ಆಗದು, ಅದು ಆಕಸ್ಮಿಕವಿರಬಹುದು. ಎರಡು ಮೂರು ಸುತ್ತಿನಲ್ಲಿ ಅದೇ ಒಕ್ಕಣೆಗೆ ಉತ್ತರ ಬಂದರೆ ಮಾತ್ರ ನಂಬಬೇಕು.

ವಹಿ ಒಯ್ಯುವುದಿಲ್ಲವೆಂದು ತಿಳಿದ ಮೇಲೂ ಆ ಹಿರಿಯರು ಒಲ್ಲೆನೆಂದರೆ ಮತ್ತೆ ಕೇಳಬಾರದು. ಹಾಡು ಅವರದು. ಹಾಳೆಯಲ್ಲಿ ಆ ಹೆಸರಿನ ಮುಂದೆ "ಮುಗಿಯಿತು" ಎಂದು ಬರೆದು, ಮುಂದಿನ ಊರಿನ ಪತ್ರಕ್ಕೆ ಕುಳಿತುಕೊಳ್ಳಬೇಕು.