ಬಲಗೈಯ ಸಾಧನೆ, ಎಡಗೈಯ ಲಾಭ

ಬಚ್ಚಲುಮನೆಯ ನೆಲದಲ್ಲಿ ಕಾಲು ಜಾರಿದಾಗ ಮನುಷ್ಯನು ಮೊದಲು ಮಾಡುವ ಕೆಲಸವೆಂದರೆ ಕೈ ಚಾಚುವುದು. ಇಡೀ ದೇಹದ ಭಾರ ಆ ಒಂದು ಅಂಗೈಯ ಮೇಲೆ ಬೀಳುತ್ತದೆ; ಮಣಿಕಟ್ಟಿನ ಮೇಲಣ ಎಲುಬು ಮುರಿಯುತ್ತದೆ. ಐವತ್ತು ದಾಟಿದ ಸ್ತ್ರೀಯರಲ್ಲಿ ಎಲುಬುಗಳು ಸವೆದಿರುವುದರಿಂದ ಈ ಬಗೆಯ ಮುರಿತ ಬಹು ಸಾಮಾನ್ಯ. ವೈದ್ಯರು ಎಲುಬನ್ನು ಕೂಡಿಸಿ, ಪ್ಲಾಸ್ಟರು ಹಾಕಿ, ಸುಮಾರು ಆರು ವಾರಗಳ ಕಾಲ ಕೈಯನ್ನು ಅಲುಗಿಸದಂತೆ ಹೇಳಿ ಕಳುಹಿಸುತ್ತಾರೆ.

ಆರು ವಾರಗಳಾದ ಮೇಲೆ ಪ್ಲಾಸ್ಟರನ್ನು ಕತ್ತರಿಸಿ ತೆಗೆದಾಗ ಒಳಗಿನಿಂದ ಹೊರಬರುವ ಕೈ ಬೇರೆ ಯಾರದೋ ಎಂಬಂತಿರುತ್ತದೆ. ಎಲುಬು ಕೂಡಿದೆ, ನಿಜ. ಆದರೆ ಒದ್ದೆ ಬಟ್ಟೆಯನ್ನು ಹಿಂಡಲಾಗದು, ಕುಕ್ಕರಿನ ಮುಚ್ಚಳವನ್ನು ತಿರುಗಿಸಲಾಗದು, ಬೀಗದ ಕೈಯೂ ತಿರುಗದು. ಕೈ ಕಟ್ಟಿಹೋಗಿರುವ ಈ ಆರು ವಾರಗಳಲ್ಲಿ ಅದಕ್ಕಾಗಿ ಏನನ್ನೂ ಮಾಡುವಂತಿಲ್ಲವೆ? ಮಾಡಬಹುದಾದುದೊಂದುಂಟು. ಆದರೆ ಅದನ್ನು ಮಾಡಬೇಕಾದುದು ಮುರಿಯದೆ ಇರುವ ಇನ್ನೊಂದು ಕೈಯಿಂದ!

ಈ ಮಾತು ಮೊದಲು ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ಒಬ್ಬರು ಉಂಡರೆ ಮತ್ತೊಬ್ಬರ ಹೊಟ್ಟೆ ತುಂಬೀತೆ? ಆದರೆ ಒಂದು ಕೈಗೆ ಕ್ರಮವಾಗಿ ಬಲಸಾಧನೆ ಮಾಡಿಸಿದರೆ, ಏನನ್ನೂ ಮಾಡದ ಇನ್ನೊಂದು ಕೈಯ ಬಲವೂ ಒಂದಿಷ್ಟು ಹೆಚ್ಚುತ್ತದೆಂಬುದು ನೂರು ವರ್ಷಗಳಿಗೂ ಹಿಂದೆಯೇ ಕಂಡುಬಂದ ಸಂಗತಿ.

ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಎಡ್ವರ್ಡ್ ವೀಲರ್ ಸ್ಕ್ರಿಪ್ಚರ್ ಎಂಬ ಮನಶ್ಶಾಸ್ತ್ರಜ್ಞನು ಥಿಯೊಡೇಟ್ ಸ್ಮಿತ್ ಮತ್ತು ಎಮಿಲಿ ಬ್ರೌನ್ ಎಂಬ ಇಬ್ಬರು ಮಹಿಳೆಯರೊಡನೆ ನಡೆಸಿದ ಪ್ರಯೋಗಗಳು 1894ರಲ್ಲಿ ಪ್ರಕಟವಾದುವು. ಒಂದು ರಬ್ಬರಿನ ಬುರುಡೆ. ಅದಕ್ಕೆ ಕೂಡಿಸಿದ ನಳಿಗೆಯಲ್ಲಿ ಪಾದರಸ. ಬುರುಡೆಯನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿದರೆ ಪಾದರಸ ಮೇಲೇರುತ್ತದೆ. ಏರಿದ ಎತ್ತರವೇ ಮುಷ್ಟಿಯ ಬಲದ ಅಳತೆ. ಮಿಸ್ ಬ್ರೌನ್ ಮೊದಲು ಎರಡು ಕೈಗಳ ಬಲವನ್ನೂ ಅಳೆಸಿಕೊಂಡು, ಅನಂತರ ಹಲವು ದಿನಗಳು ಬಲಗೈಯಿಂದ ಮಾತ್ರವೇ ಸಾಧನೆ ಮಾಡಿದಳು. ಕೊನೆಯಲ್ಲಿ ಅಳೆದಾಗ ಬಲಗೈಯ ಬಲ ಶೇಕಡಾ 70ರಷ್ಟು ಹೆಚ್ಚಿದ್ದಿತು. ಸಾಧನೆಯನ್ನೇ ಮಾಡದ ಎಡಗೈಯ ಬಲವೂ ಶೇಕಡಾ 43ರಷ್ಟು ಹೆಚ್ಚಿದ್ದಿತು! ಸ್ಕ್ರಿಪ್ಚರನು ಈ ವಿದ್ಯಮಾನವನ್ನು ‘ಕ್ರಾಸ್ ಎಜುಕೇಷನ್’ ಎಂದು ಕರೆದನು. ಬದಿ ದಾಟುವ ಶಿಕ್ಷಣವೆಂದು ಅದನ್ನು ಕನ್ನಡದಲ್ಲಿ ಹೇಳಬಹುದು.

ಆದರೆ ಆ 43 ಎಂಬ ಅಂಕೆಯನ್ನು ಹಾಗೆಯೇ ನಂಬುವಂತಿಲ್ಲ. ಪ್ರಯೋಗಕ್ಕೆ ಒಳಗಾದವಳು ಒಬ್ಬಳೇ. ಅಲ್ಲದೆ ಹೊಸ ಉಪಕರಣವೊಂದನ್ನು ಎರಡನೆಯ ಸಲ ಹಿಡಿದಾಗ, ಹಿಡಿಯುವ ಬಗೆ ತಿಳಿದಿರುವುದರಿಂದಲೇ ಅಳತೆ ಸ್ವಲ್ಪ ಮೇಲೇರುವುದುಂಟು. ಇದನ್ನು ಕಳೆಯಬೇಕಾದರೆ, ಯಾವ ಸಾಧನೆಯನ್ನೂ ಮಾಡದೆ ಮೊದಲಲ್ಲೊಮ್ಮೆ ಕೊನೆಯಲ್ಲೊಮ್ಮೆ ಅಳೆಸಿಕೊಳ್ಳುವ ಇನ್ನೊಂದು ಗುಂಪು ಇರಬೇಕು. ಹೀಗೆ ಕಟ್ಟುನಿಟ್ಟಾಗಿ ನಡೆಸಿದ ಮುಂದಿನ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆರೋಗ್ಯವಂತರಲ್ಲಿ ಸುಮ್ಮನಿದ್ದ ಅಂಗದ ಬಲ ಹೆಚ್ಚುವುದು ಸರಾಸರಿ ಶೇಕಡಾ 8ರಿಂದ 12ರವರೆಗೆ ಎಂದು ತಿಳಿದುಬಂದಿದೆ. ಲಾಭ ಚಿಕ್ಕದು; ಆದರೆ ಅದು ಭ್ರಮೆಯಲ್ಲ.

ಹಾಗಾದರೆ ಈ ಬಲ ಎಲ್ಲಿಂದ ಬಂದಿತು? ಸಾಧನೆ ಮಾಡಿದ ಕೈಯ ಸ್ನಾಯುಗಳು ಕಾಲಕ್ರಮದಲ್ಲಿ ದಪ್ಪನಾಗುತ್ತವೆ. ಸುಮ್ಮನಿದ್ದ ಕೈಯ ಸ್ನಾಯುಗಳಾದರೋ ದಪ್ಪನಾಗುವುದಿಲ್ಲ. ಹಾಗಿದ್ದೂ ಅದರ ಹಿಡಿತ ಬಿಗಿಯಾಗುತ್ತದೆಂದರೆ, ಬದಲಾವಣೆ ತೋಳಿನಲ್ಲಿ ಆಗಿಲ್ಲ. ತೋಳಿಗೆ ಅಪ್ಪಣೆ ಕೊಡುವ ಮೆದುಳಿನಲ್ಲಿ ಆಗಿದೆ ಎಂದೇ ತಿಳಿಯಬೇಕು.

ನಾವು ಬಲವೆಂದು ಕರೆಯುವುದರಲ್ಲಿ ಎರಡು ಪಾಲುಗಳಿವೆ. ಒಂದು ಸ್ನಾಯುವಿನ ಗಾತ್ರ. ಇನ್ನೊಂದು ಆ ಸ್ನಾಯುವನ್ನು ಪೂರ್ತಿಯಾಗಿ ದುಡಿಸಿಕೊಳ್ಳುವ ಮೆದುಳಿನ ಸಾಮರ್ಥ್ಯ. ಸಾಮಾನ್ಯ ಮನುಷ್ಯನು ತನ್ನೆಲ್ಲ ಬಲವನ್ನೂ ಹಾಕಿದೆನೆಂದು ಭಾವಿಸಿದಾಗಲೂ ಸ್ನಾಯುವಿನಲ್ಲಿ ಒಂದಿಷ್ಟು ಶಕ್ತಿ ಉಳಿದೇ ಇರುತ್ತದೆ. ಇದನ್ನು ಪತ್ತೆಹಚ್ಚುವ ಉಪಾಯವಿದೆ. ಮಣಿಕಟ್ಟನ್ನು ಮೇಲಕ್ಕೆತ್ತಲು ಪೂರ್ಣ ಪ್ರಯತ್ನ ನಡೆದಿರುವಾಗಲೇ ನೆತ್ತಿಯ ಹೊರಗಿನಿಂದ ಅಯಸ್ಕಾಂತದ ಸ್ಪಂದನವೊಂದನ್ನು ಮೆದುಳಿಗೆ ಕೊಡುತ್ತಾರೆ. ಆಗ ಕೈ ಇನ್ನಷ್ಟು ಬಲವಾಗಿ ಮಿಡಿದರೆ, ಮೆದುಳಿನ ಅಪ್ಪಣೆ ಅದುವರೆಗೆ ಅಪೂರ್ಣವಾಗಿದ್ದಿತೆಂದು ಅರ್ಥ. ಆಸ್ಟ್ರೇಲಿಯದ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಲ್ಕು ವಾರಗಳ ಕಾಲ ಒಂದು ಕೈಗೆ ಸಾಧನೆ ಮಾಡಿಸಿದ ಮೇಲೆ, ಸುಮ್ಮನಿದ್ದ ಕೈಯಲ್ಲಿಯೂ ಈ ಉಳಿಕೆ ಶಕ್ತಿ ಮೊದಲಿಗಿಂತ ಕಡಿಮೆಯಾಗಿದ್ದಿತು. ಎಂದರೆ ಆ ಕೈಯನ್ನು ದುಡಿಸಿಕೊಳ್ಳುವ ವಿದ್ಯೆಯನ್ನು ಮೆದುಳು ಒಂದಿಷ್ಟು ಕಲಿತುಕೊಂಡಿದ್ದಿತು.

ಬಲಗೈಯನ್ನು ಆಳುವುದು ಮುಖ್ಯವಾಗಿ ಮೆದುಳಿನ ಎಡಭಾಗ. ಎಡಗೈಯನ್ನು ಆಳುವುದು ಬಲಭಾಗ. ಆದರೆ ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೆದರೆ ನಮ್ಮ ಮನೆಗೂ ಕೇಳಿಸುವಂತೆ, ಒಂದು ಕೈ ಶಕ್ತಿಮೀರಿ ದುಡಿಯುವಾಗ ಮೆದುಳಿನ ಎರಡು ಭಾಗಗಳಲ್ಲಿಯೂ ಚಟುವಟಿಕೆ ಏಳುತ್ತದೆ. ಎರಡನ್ನೂ ಬೆಸೆಯುವ ದಪ್ಪನಾದ ನರತಂತುಗಳ ಸೇತುವೆಯೂ ಇದೆ. ಇದರ ಕುರುಹನ್ನು ಮನೆಯಲ್ಲಿಯೇ ಕಾಣಬಹುದು. ಆಗತಾನೆ ಅಕ್ಷರ ತಿದ್ದಲು ಕುಳಿತ ಮಗುವಿನ ಬಲಗೈ ಬಳಪವನ್ನು ಒತ್ತಿ ಎಳೆಯುತ್ತಿರುವಾಗ ಎಡಗೈಯ ಬೆರಳುಗಳೂ ತಮಗೆ ತಾವೇ ಮಡಿಚಿಕೊಳ್ಳುತ್ತವೆ. ಹಗುರವಾದ ಕೆಲಸದಲ್ಲಿ ಈ ಹೊರಚೆಲ್ಲಿಕೆ ಅಷ್ಟಾಗಿ ಇರುವುದಿಲ್ಲ. ಪ್ರಯತ್ನ ತೀವ್ರವಾದಷ್ಟೂ ಅದು ಹೆಚ್ಚುತ್ತದೆ. ಮುಂದೆ ಹೇಳುವ ಸಾಧನೆಗೆ ಇದೇ ಕೀಲಿಕೈ.

ಇನ್ನು ಮುರಿದ ಮಣಿಕಟ್ಟಿನ ವಿಷಯಕ್ಕೆ ಬರೋಣ. ಕೆನಡ ದೇಶದ ಸಾಸ್ಕ್ಯಾಚೆವಾನ್ ವಿಶ್ವವಿದ್ಯಾನಿಲಯದವರು ಮಣಿಕಟ್ಟು ಮುರಿದ, ಐವತ್ತು ದಾಟಿದ ಸ್ತ್ರೀಯರನ್ನು ಎರಡು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಎರಡು ಗುಂಪುಗಳಿಗೂ ಪ್ಲಾಸ್ಟರು ಮತ್ತು ಅನಂತರದ ವಾಡಿಕೆಯ ವ್ಯಾಯಾಮ ಚಿಕಿತ್ಸೆ ದೊರೆತುವು. ಒಂದು ಗುಂಪಿನವರು ಮಾತ್ರ ಇವುಗಳ ಜೊತೆಗೆ, ಪ್ಲಾಸ್ಟರು ಇರುವಾಗಲೇ ತೊಡಗಿ, ವಾರಕ್ಕೆ ಮೂರು ಸಲ ಮುರಿಯದ ಕೈಯಿಂದ ಮುಷ್ಟಿ ಬಿಗಿಯುವ ಸಾಧನೆ ಮಾಡಿದರು. ಒಂದು ವರಸೆಗೆ ಎಂಟು ಬಿಗಿತ. ಮೊದಲು ಎರಡು ವರಸೆ, ಕ್ರಮೇಣ ಐದು ವರಸೆ. ಪ್ರತಿ ಬಿಗಿತದಲ್ಲಿಯೂ ಕೈಯ ಪೂರ್ಣ ಬಲವನ್ನು ಹಾಕಬೇಕು.

ಒಂಬತ್ತನೆಯ ವಾರದಲ್ಲಿ ಮುರಿದ ಕೈಗಳನ್ನು ಅಳೆದಾಗ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂಥ ಭೇದವಿರಲಿಲ್ಲ. ಹನ್ನೆರಡನೆಯ ವಾರದಲ್ಲಿ ಭೇದ ಕಾಣಿಸಿತು. ವಾಡಿಕೆಯ ಚಿಕಿತ್ಸೆ ಮಾತ್ರ ಪಡೆದವರ ಮುರಿದ ಕೈಯ ಹಿಡಿತ ಸರಾಸರಿ 11.8 ಕಿಲೋಗ್ರಾಂ; ಇನ್ನೊಂದು ಕೈಯಿಂದ ಸಾಧನೆ ಮಾಡಿದವರದು 17.3 ಕಿಲೋಗ್ರಾಂ. ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಬಾಗುವ ಒಟ್ಟು ಕೋನ ಮೊದಲನೆಯವರಲ್ಲಿ ಸುಮಾರು 80 ಡಿಗ್ರಿ, ಎರಡನೆಯವರಲ್ಲಿ ಸುಮಾರು 100 ಡಿಗ್ರಿ ಇದ್ದಿತು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಇಪ್ಪತ್ತಾರನೆಯ ವಾರದಲ್ಲಿ ಮತ್ತೆ ಅಳೆದಾಗ ಹಿಂದೆ ಬಿದ್ದವರು ಮುಂದಿನವರನ್ನು ಕೂಡಿಕೊಂಡಿದ್ದರು. ನೋವು ಮತ್ತು ನಿತ್ಯದ ಕೆಲಸಗಳ ಬಗ್ಗೆ ಆ ಸ್ತ್ರೀಯರೇ ಕೊಟ್ಟ ಉತ್ತರಗಳಲ್ಲಿಯೂ ಎರಡು ಗುಂಪುಗಳಿಗೆ ಗಣನೀಯವಾದ ವ್ಯತ್ಯಾಸ ತೋರಲಿಲ್ಲ. ಆದುದರಿಂದ ಈ ಸಾಧನೆ ಕೈಗೆ ಹೆಚ್ಚಿನ ಬಲವನ್ನು ಶಾಶ್ವತವಾಗಿ ತರುವುದೆಂದಲ್ಲ; ಹೇಗೂ ಹಿಂದಿರುಗಬೇಕಾಗಿದ್ದ ಬಲವನ್ನು ಬೇಗ ಹಿಂದಿರುಗಿಸುವುದೆಂದು ಮಾತ್ರ ಹೇಳಬಹುದು. ಒಂಟಿಯಾಗಿ ಇರುವವರಿಗೆ, ಕೈಯನ್ನೇ ನಂಬಿದ ಕಸುಬಿನವರಿಗೆ, ಅಷ್ಟು ಬೇಗವೇ ಸಾಕಷ್ಟು ದೊಡ್ಡ ಲಾಭ.

ಇದನ್ನು ಅನುಸರಿಸಬಯಸುವವರು ಮೊದಲು ಮೂಳೆಯ ವೈದ್ಯರ ಒಪ್ಪಿಗೆ ಪಡೆಯಬೇಕು. ಅನಂತರವೂ ಕೆಲವು ತಪ್ಪುಗಳು ಸಹಜವಾಗಿ ನಡೆಯುತ್ತವೆ. ಮೊದಲನೆಯದು, ಮೆತ್ತನೆಯ ಸ್ಪಂಜಿನ ಚೆಂಡನ್ನು ಹಿಡಿದು ಮಾತನಾಡುತ್ತ ನೂರು ಸಲ ಹಿಸುಕುವುದು. ಅದರಿಂದ ಕೈ ಆಯಾಸಗೊಳ್ಳಬಹುದು; ಮೆದುಳಿನ ಇನ್ನೊಂದು ಬದಿಗೆ ಸುದ್ದಿ ತಲುಪುವುದು ಕಷ್ಟ. ಎಂಟನೆಯ ಬಿಗಿತ ನಿಜವಾಗಿಯೂ ಪ್ರಯಾಸವೆನಿಸುವಷ್ಟು ಗಟ್ಟಿಯಾದ ಸ್ಪ್ರಿಂಗಿನ ಹಿಡಿ ಬೇಕು. ಇಪ್ಪತ್ತು ಸಲ ಸಲೀಸಾಗಿ ಒತ್ತಲು ಬಂದರೆ ಅದು ತೀರ ಹಗುರವಾಯಿತೆಂದು ತಿಳಿಯತಕ್ಕದ್ದು.

ಎರಡನೆಯದು, ಬಿಗಿಯುವಾಗ ಉಸಿರು ಕಟ್ಟುವುದು. ಇದರಿಂದ ರಕ್ತದ ಒತ್ತಡ ತಟ್ಟನೆ ಏರುತ್ತದೆ. ಬಿಗಿಯುವಾಗ ಉಸಿರನ್ನು ಮೆಲ್ಲಗೆ ಹೊರಬಿಡುವುದು ಕ್ರಮ. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ಪೂರ್ಣಬಲದ ಈ ಸಾಧನೆಯನ್ನು ತಾವಾಗಿಯೇ ಆರಂಭಿಸಲಾಗದು.

ಮೂರನೆಯದು, ಅಕ್ಷರ ತಿದ್ದುವ ಮಗುವಿನಂತೆ ಪ್ಲಾಸ್ಟರಿನ ಕೈಯೂ ಜೊತೆಯಲ್ಲಿ ಬಿಗಿದುಕೊಳ್ಳುವುದು. ಮುರಿದ ಕೈಯನ್ನು ದಿಂಬಿನ ಮೇಲೆ ಸಡಿಲವಾಗಿ ಇಟ್ಟು, ಅದರ ಬೆರಳುಗಳ ಮೇಲೆ ಕಣ್ಣಿಟ್ಟಿರಬೇಕು. ಅವು ಬಲವಾಗಿ ಮಡಿಚಿದರೆ, ಇಲ್ಲವೆ ಮುರಿದ ಜಾಗ ನೋಯಲಾರಂಭಿಸಿದರೆ, ನಿಲ್ಲಿಸತಕ್ಕದ್ದು. ಪ್ಲಾಸ್ಟರಿನ ಬೆರಳುಗಳು ಊದಿ, ಜೋಮು ಹಿಡಿದು, ನೀಲಿಗಟ್ಟಿದರೆ ಅದು ಸಾಧನೆಯ ಮಾತೇ ಅಲ್ಲ. ಕಟ್ಟು ಬಿಗಿಯಾಗಿದೆಯೆಂಬ ಸೂಚನೆ. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕಡೆಯದಾಗಿ ಒಂದು ಮಿತಿಯನ್ನು ನೆನಪಿಡಬೇಕು. ದಾಟಿಹೋಗುವುದು ಆಯಾ ಚಲನೆಯ ವಿದ್ಯೆ ಮಾತ್ರ. ಬಲಮುಷ್ಟಿಯ ಸಾಧನೆ ಎಡಮುಷ್ಟಿಗೆ ಸಲ್ಲುತ್ತದೆ. ಎಡಭುಜಕ್ಕಾಗಲಿ ಮೊಣಕೈಗಾಗಲಿ ಅಲ್ಲ. ಪ್ಲಾಸ್ಟರಿನ ಹೊರಗಿರುವ ಬೆರಳು, ಮೊಣಕೈ, ಭುಜಗಳನ್ನು ವೈದ್ಯರು ಹೇಳಿಕೊಟ್ಟಂತೆ ಆಡಿಸುವ ಕೆಲಸವನ್ನು ಇದರ ಹೆಸರಿನಲ್ಲಿ ಬಿಟ್ಟರೆ ಭುಜ ಮರಗಟ್ಟಿ, ಒಂದು ನೋವಿಗೆ ಎರಡಾದೀತು. ಪ್ಲಾಸ್ಟರು ತೆಗೆದ ಮೇಲೆ ಮುರಿದ ಕೈ ತನ್ನ ವ್ಯಾಯಾಮವನ್ನು ತಾನೇ ಮಾಡಬೇಕು. ಅದು ಕಟ್ಟಿನೊಳಗೆ ಮಲಗಿದ್ದ ಆರು ವಾರಗಳ ಕಾಲ ಪಾಠವನ್ನು ಪೂರ್ತಿ ಮರೆಯದಂತೆ ನೋಡಿಕೊಳ್ಳುವುದಷ್ಟೇ ಜೊತೆಯ ಕೈ ಮಾಡಬಹುದಾದ ಉಪಕಾರ.