ಫೋನಿನಲ್ಲಿ ಹದಿನಾರು ಸಾವಿರ, ಬಿಲ್ಲಿನಲ್ಲಿ ಅರವತ್ನಾಲ್ಕು!

ಕಳೆದ ತಿಂಗಳು ಒಂದು ಶುಕ್ರವಾರ ರಾತ್ರಿ ನಮ್ಮ ಟೀಮಿನ ಗೆಳೆಯನೊಬ್ಬ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದ. ಪೇಂಟಿಂಗ್ ಬಿಲ್ಲು. ಅದರ ಕೆಳಗೇ ಅವನ ಮೆಸೇಜು: "ಗುರು, ಇದು ಹಗಲು ದರೋಡೆ. ಒಂದು ರೂಪಾಯಿನೂ ಕೊಡಲ್ಲ."

ಬೆಂಗಳೂರಿನಲ್ಲಿ ಅವನು ಹಳೇ ಎರಡು ಬೆಡ್‌ರೂಮಿನ ಫ್ಲ್ಯಾಟ್ ಕೊಂಡಿದ್ದಾನೆ. ಬಣ್ಣ ಹೊಡೆಸೋಕೆ ಪರಿಚಯದವರಿಂದ ಒಬ್ಬ ಮೇಸ್ತ್ರಿ ನಂಬರ್ ಸಿಕ್ಕಿತು. ಫೋನಿನಲ್ಲಿ ಮಾತು ಮುಗಿದಿದ್ದು ಎರಡೇ ನಿಮಿಷದಲ್ಲಿ. "ಮನೆ ಎಷ್ಟು ಚದರಡಿ ಸರ್?" "ಸಾವಿರ." "ಚದರಡಿಗೆ ಹದಿನಾರು ರೂಪಾಯಿ ಆಗತ್ತೆ ಸರ್." ಇವನು ಮನಸ್ಸಿನಲ್ಲೇ ಗುಣಿಸಿ 16,000 ಅಂದುಕೊಂಡು, 10,000 ಅಡ್ವಾನ್ಸ್ ಹಾಕಿದ. ಹನ್ನೆರಡು ದಿನದ ಮೇಲೆ ಬಂದ ಬಿಲ್ಲು 64,027 ರೂಪಾಯಿ.

ಆ ಕಡೆ ಮೇಸ್ತ್ರಿ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದ, ಹುಡುಗರ ಕೂಲಿ ಬಾಕಿ ಇದೆ ಅಂತ. ಶನಿವಾರ ಬೆಳಿಗ್ಗೆ ನಾನು ಟೇಪು ಹಿಡಿದುಕೊಂಡು ಅವನ ಮನೆಗೆ ಹೋದೆ. ಬಿಲ್ಲಿನಲ್ಲಿ ಇದ್ದಿದ್ದು ನಾಲ್ಕೇ ಸಾಲು:

ಒಳಗಿನ ಪೇಂಟಿಂಗ್, 2,760 ಚದರಡಿ × 16 = 44,160
ಪುಟ್ಟಿ, 300 ಚದರಡಿ × 12 = 3,600
ತೇವದ ಕೆಲಸ = 6,500
ಜಿಎಸ್‌ಟಿ ಶೇ. 18 = 9,767

ಅವತ್ತು ಗೆಳೆಯ ಕೇಳಿದ ಪ್ರಶ್ನೆಗಳು, ನಮಗೆ ಸಿಕ್ಕ ಉತ್ತರಗಳು ಇಲ್ಲಿವೆ. ನಿಮ್ಮ ಕೈಯಲ್ಲೂ ಇಂಥದ್ದೊಂದು ಬಿಲ್ಲು ಇದ್ದರೆ ಪಕ್ಕದಲ್ಲಿಟ್ಟುಕೊಂಡು ಓದಿ.

ಪ್ರಶ್ನೆ: ಮನೆಯೇ ಸಾವಿರ ಚದರಡಿ. 2,760 ಎಲ್ಲಿಂದ ಬಂತು?

ನೋಡಿದ ಕೂಡಲೇ ಮೋಸ ಅನ್ನಿಸುವ ಸಾಲು ಇದು. ಆದರೆ ಹೆಚ್ಚೂಕಡಿಮೆ ಸರಿಯಾಗಿದ್ದ ಸಾಲೂ ಇದೇ.

ಸಾವಿರ ಅನ್ನೋದು ಸೂಪರ್ ಬಿಲ್ಟ್‌ಅಪ್ ಏರಿಯಾ. ಅದರಲ್ಲಿ ಲಿಫ್ಟು, ಮೆಟ್ಟಿಲು, ಕಾರಿಡಾರಿನ ಪಾಲೂ ಸೇರಿರುತ್ತೆ. ಅವನ ಮನೆಯ ಕಾರ್ಪೆಟ್ ಏರಿಯಾ 720 ಚದರಡಿ ಅಷ್ಟೇ. ಆದರೆ ಪೇಂಟರ್‌ಗೆ ಈ ಎರಡೂ ಲೆಕ್ಕ ಬೇಕಿಲ್ಲ. ಅವನು ನೆಲಕ್ಕೆ ಬಣ್ಣ ಹೊಡೆಯಲ್ಲವಲ್ಲ! ಅವನ "ಚದರಡಿ" ಅಂದರೆ ಬ್ರಶ್ಶು, ರೋಲರ್ ಓಡಾಡುವ ಜಾಗ: ಗೋಡೆ ಮತ್ತು ಸೀಲಿಂಗ್.

ಒಂದು ಬೆಡ್‌ರೂಮ್ ಅಳೆದು ನೋಡಿದೆವು. ಉದ್ದ 11 ಅಡಿ, ಅಗಲ 10 ಅಡಿ, ಎತ್ತರ ಒಂಬತ್ತೂವರೆ ಅಡಿ. ನಾಲ್ಕೂ ಗೋಡೆಯ ಸುತ್ತಳತೆ 42 ಅಡಿ. ಅದನ್ನು ಎತ್ತರದಿಂದ ಗುಣಿಸಿದರೆ 399. ಸೀಲಿಂಗ್ 110. ಒಟ್ಟು 509 ಚದರಡಿ. ನೆಲ ಬರೀ 110, ಬಣ್ಣ ಹೊಡೆಯುವ ಜಾಗ ಅದರ ನಾಲ್ಕೂವರೆ ಪಟ್ಟಿಗಿಂತ ಜಾಸ್ತಿ! ಅಡುಗೆಮನೆ, ಬಾತ್‌ರೂಮಿನಲ್ಲಿ ಟೈಲ್ಸ್ ಇರೋದರಿಂದ ಅಲ್ಲಿ ಇಷ್ಟು ಬರಲ್ಲ. ಹಾಲ್, ಪ್ಯಾಸೇಜ್, ಬಾಲ್ಕನಿ ಎಲ್ಲ ಹೀಗೇ ಅಳೆದು ಕೂಡಿಸಿದಾಗ ನಮಗೂ 2,760ರ ಹತ್ತಿರವೇ ಬಂತು.

ಗೆಳೆಯ ಟೇಪು ಸುತ್ತಿಟ್ಟು ಸುಮ್ಮನೆ ಕೂತ. ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ. ಫೋನಿನಲ್ಲಿ ಅವನು ಕೊಟ್ಟಿದ್ದು ರೇಟು, ಇವನು ಕೇಳಿಸಿಕೊಂಡಿದ್ದು ಮೊತ್ತ. "ನೆಲದ್ದಲ್ಲ ಸರ್, ಗೋಡೆ ಚದರಡಿ" ಅಂತ ಅವನು ಒಂದು ಮಾತು ಸೇರಿಸಬೇಕಿತ್ತು, ನಿಜ. ಆದರೆ ಅವನ ಕಸುಬಿನಲ್ಲಿ ಚದರಡಿ ಅಂದರೆ ಅದೊಂದೇ.

ಪ್ರಶ್ನೆ: ಬಾಗಿಲು, ಕಿಟಕಿಗೆ ಬಣ್ಣ ಹೊಡೆದಿಲ್ಲ. ಅದನ್ನು ಕಳೆಯಬೇಡವಾ?

ಕಳೆಯಬೇಕೋ ಬೇಡವೋ ಅನ್ನೋದು ಮೊದಲು ಆದ ಮಾತಿನ ಮೇಲೆ ನಿಂತಿದೆ. ಸರ್ಕಾರಿ ಕಾಮಗಾರಿಯ ಅಳತೆಯಲ್ಲೂ ಅರ್ಧ ಚದರ ಮೀಟರಿನೊಳಗಿನ, ಅಂದರೆ ಐದು ಚದರಡಿ ಚಿಲ್ಲರೆಯ, ಸಣ್ಣ ಜಾಗಗಳನ್ನು ಕಳೆಯಲ್ಲ. ಮನೆ ಕೆಲಸದಲ್ಲಿ ಎಷ್ಟೋ ಮೇಸ್ತ್ರಿಗಳು ಬಾಗಿಲನ್ನೂ ಕಳೆಯಲ್ಲ. ಅದಕ್ಕೊಂದು ಕಾರಣವೂ ಇದೆ. ಬಾಗಿಲಿನ ಸುತ್ತ ಗೋಡೆಯ ದಪ್ಪಕ್ಕೆ ಬಣ್ಣ ಹೊಡೆಯಬೇಕು, ಚೌಕಟ್ಟಿಗೆ ತಾಗದಂತೆ ಅಂಚು ಎಳೆಯಬೇಕು. ರೋಲರ್ ಹಾಯಿಸಿದಷ್ಟು ಬೇಗ ಅದು ಮುಗಿಯಲ್ಲ.

ಆದರೆ ಎರಡು ದೊಡ್ಡ ಜಾಗ ಕಣ್ಣಿಗೆ ಬಿತ್ತು. ಗೋಡೆಗೆ ಕೂರಿಸಿದ ವಾರ್ಡ್‌ರೋಬ್, 8 ಅಡಿಗೆ 7 ಅಡಿ. ಅದರ ಹಿಂದೆ ಯಾರೂ ಬಣ್ಣ ಹೊಡೆಯೋಕೆ ಆಗಲ್ಲ. ಇನ್ನೊಂದು ಬಾಲ್ಕನಿಯ ಸ್ಲೈಡಿಂಗ್ ಬಾಗಿಲು, 7 ಅಡಿಗೆ 6 ಅಡಿ. ಮೇಸ್ತ್ರಿಯನ್ನು ಕರೆದು ತೋರಿಸಿದೆವು. "ಹೌದು ಸರ್, ಇದು ಕಳೀಬೇಕು" ಅಂತ ತಕರಾರಿಲ್ಲದೆ ಒಪ್ಪಿದ. 98 ಚದರಡಿ, 1,568 ರೂಪಾಯಿ ಕಮ್ಮಿ ಆಯಿತು. ಬಾಗಿಲು ಕಿಟಕಿಗಳ ವಿಷಯದಲ್ಲಿ ನಾವೂ ಪಟ್ಟು ಹಿಡಿಯಲಿಲ್ಲ.

ಪ್ರಶ್ನೆ: ಪುಟ್ಟಿ ಹದಿನಾರು ರೂಪಾಯಿಯಲ್ಲೇ ಸೇರಿರಲಿಲ್ಲವಾ?

ಫೋನಿನ ರೇಟು ಸಾಮಾನ್ಯವಾಗಿ ಗೋಡೆ ಚೆನ್ನಾಗಿದೆ ಅಂದುಕೊಂಡು ಹೇಳುವ ರೇಟು: ಉಜ್ಜೋದು, ಸಣ್ಣಪುಟ್ಟ ತೂತು ಮುಚ್ಚೋದು, ಎರಡು ಕೋಟ್ ಬಣ್ಣ. ಹಳೇ ಬಣ್ಣ ಎದ್ದಿದ್ದರೆ ಅದನ್ನು ಕೆರೆದು, ಹೊಸದಾಗಿ ಪುಟ್ಟಿ ಎಳೆದು, ಒಣಗಿದ ಮೇಲೆ ಉಜ್ಜಿ ಪ್ರೈಮರ್ ಹೊಡೆಯಬೇಕು. ಅದು ಬೇರೆ ಕೆಲಸ, ಬೇರೆ ದಿನ. ಗೋಡೆ ಹೇಗಿದೆ ಅಂತ ಫೋನಿನಲ್ಲಿ ಕಾಣಲ್ಲ. ನೀವೇ ಒಣ ಅಂಗೈಯಿಂದ ಗೋಡೆ ಸವರಿ ನೋಡಿ. ಕೈಗೆ ಬಿಳಿ ಪುಡಿ ಅಂಟಿದರೆ ಅಥವಾ ಬಣ್ಣ ಹಪ್ಪಳದ ಹಾಗೆ ಎದ್ದಿದ್ದರೆ ಖರ್ಚು ಏರುತ್ತೆ ಅಂತಲೇ ಲೆಕ್ಕ.

ಇಲ್ಲಿ ಜಗಳಕ್ಕೆ ಜಾಗವೇ ಇರಲಿಲ್ಲ. ಮೇಸ್ತ್ರಿ ಮೂರನೇ ದಿನವೇ ಎದ್ದ ಬಣ್ಣದ ಫೋಟೊ ಕಳಿಸಿ, "ಪುಟ್ಟಿ ಬೇಕು, ಚದರಡಿಗೆ 12 ಆಗತ್ತೆ" ಅಂತ ಬರೆದಿದ್ದ. ನಮ್ಮವನು ಮೀಟಿಂಗ್ ಮಧ್ಯೆ ಹೆಬ್ಬೆರಳು ಒತ್ತಿ ಮರೆತುಬಿಟ್ಟಿದ್ದ! 3,600 ಕೊಡಲೇಬೇಕು.

ಪ್ರಶ್ನೆ: ನನ್ನನ್ನು ಕೇಳದೇ ಮಾಡಿದ ಕೆಲಸಕ್ಕೂ ದುಡ್ಡು ಕೊಡಬೇಕಾ?

"ತೇವದ ಕೆಲಸ, 6,500" ಅನ್ನೋ ಸಾಲಿಗೆ ಅಳತೆಯೂ ಇಲ್ಲ, ಒಪ್ಪಿಗೆಯೂ ಇಲ್ಲ. ಹಾಗಂತ ಸೊನ್ನೆ ಕೊಡೋಕೂ ಆಗಲ್ಲ. ಪುಕ್ಕಟೆ ಅಂತ ಅಲ್ಲದೆ ಒಬ್ಬರು ನ್ಯಾಯವಾಗಿ ಕೆಲಸ ಮಾಡಿ, ಅದರ ಲಾಭ ನೀವು ಪಡೆದಿದ್ದರೆ ಪರಿಹಾರ ಕೊಡಬೇಕು ಅಂತ 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಮು ಹೇಳುತ್ತೆ. ಅಂದರೆ ಬಿಲ್ಲಿನಲ್ಲಿ ಬರೆದಷ್ಟನ್ನೂ ಕೊಡಬೇಕು ಅಂತಲ್ಲ, ಕೆಲಸಕ್ಕೆ ತಕ್ಕಷ್ಟು.

ಹಾಗಾಗಿ ಏನೇನು ಮಾಡಿದೆ ಅಂತ ಮೇಸ್ತ್ರಿಯನ್ನೇ ಕೇಳಿದೆವು. ಬಾತ್‌ರೂಮಿಗೆ ಅಂಟಿಕೊಂಡ ಬೆಡ್‌ರೂಮ್ ಗೋಡೆಯಲ್ಲಿ 8 ಅಡಿಗೆ 5 ಅಡಿ ಜಾಗ ಕೆರೆದು, ತೇವ ತಡೆಯುವ ಕೋಟ್ ಎರಡು ಸಲ ಹೊಡೆದಿದ್ದ. ಡಬ್ಬಕ್ಕೆ 1,800 ಕೊಟ್ಟ ಅಂಗಡಿ ಚೀಟಿ ತೋರಿಸಿದ. ಒಬ್ಬ ಆಳು, ಎರಡು ದಿನ, ದಿನಕ್ಕೆ 900. ಅಲ್ಲಿಗೆ 3,600. ಅವನ ಓಡಾಟವನ್ನೂ ಸೇರಿಸಿ 4,000ಕ್ಕೆ ಇಬ್ಬರೂ ಒಪ್ಪಿದರು.

ಒಂದು ಎಚ್ಚರಿಕೆ. ಬಾತ್‌ರೂಮಿನ ಟೈಲ್ಸ್ ಸಂದಿಯಿಂದಲೋ ಪೈಪಿನಿಂದಲೋ ನೀರು ಬರುತ್ತಿದ್ದರೆ ಈ ಕಡೆ ಎಷ್ಟು ಕೋಟ್ ಹೊಡೆದರೂ ಬಣ್ಣ ಮತ್ತೆ ಏಳುತ್ತೆ. ಬಣ್ಣಕ್ಕೆ ಮೊದಲು ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈ ಒದ್ದೆಯಾದರೆ ನೀರು ಗೋಡೆಯೊಳಗಿಂದ ಬರುತ್ತಿದೆ ಅಂತ ಅರ್ಥ. ಆಗ ಮೊದಲು ಕರೆಯಬೇಕಾದ್ದು ಪ್ಲಂಬರ್‌ನ.

ಪ್ರಶ್ನೆ: ಜಿಎಸ್‌ಟಿ ಅಂತೂ ಸರ್ಕಾರದ್ದು, ಅದನ್ನು ಕೇಳೋ ಹಾಗಿಲ್ಲ ಅಲ್ವಾ?

ಗೆಳೆಯ ಅನುಮಾನವನ್ನೇ ಪಡದ ಸಾಲು ಇದು. ತಪ್ಪಿದ್ದದ್ದು ಇಲ್ಲೇ.

ಪೇಂಟಿಂಗ್ ಸೇವೆಗೆ ಶೇ. 18 ಅನ್ನೋದು ಸರಿ. ಆದರೆ ಅದನ್ನು ವಸೂಲಿ ಮಾಡುವ ಅಧಿಕಾರ ನೋಂದಣಿ ಮಾಡಿಸಿದವರಿಗೆ ಮಾತ್ರ. ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ನಂಬರ್ ಇರಬೇಕು. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತೆ. gst.gov.in ತೆರೆದು Search Taxpayer ಒತ್ತಿ ಆ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯಾ ಅಂತ ಕಾಣುತ್ತೆ. ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರೂ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವ ಹಾಗಿಲ್ಲ.

ನಮ್ಮ ಬಿಲ್ಲಿನಲ್ಲಿ ನಂಬರೇ ಇರಲಿಲ್ಲ. ಕೇಳಿದಾಗ ಮೇಸ್ತ್ರಿ ತಲೆ ಕೆರೆದುಕೊಂಡ. "ನಮ್ಮದು ರಿಜಿಸ್ಟರ್ ಇಲ್ಲ ಸರ್. ಬಿಲ್ಲು ಮಾಡಿಕೊಟ್ಟ ಹುಡುಗ ಹಳೇದೊಂದು ನೋಡಿ ಹಾಕಿಬಿಟ್ಟಿದ್ದಾನೆ." ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ, ಹಾಗಾಗಿ ನೋಂದಣಿ ಇಲ್ಲದಿರೋದೇ ತಪ್ಪು ಅನ್ನೋಕಾಗಲ್ಲ. ಇಲ್ಲದೇ ತೆರಿಗೆ ಕೇಳೋದು ತಪ್ಪು. 9,767 ಪೂರ್ತಿ ಹೋಯಿತು.

ಪ್ರಶ್ನೆ: ಹಾಗಾದರೆ ಕೊನೆಗೆ ಎಷ್ಟು ಕೊಟ್ಟೆ?

ಇದು ಗೆಳೆಯನ ಹೆಂಡತಿ ಕೇಳಿದ ಪ್ರಶ್ನೆ. ಪೇಂಟಿಂಗ್ 42,592, ಪುಟ್ಟಿ 3,600, ತೇವ 4,000. ಒಟ್ಟು 50,192. ಅಡ್ವಾನ್ಸ್ ಕಳೆದು 40,192 ಅವತ್ತೇ ಯುಪಿಐನಲ್ಲಿ ಹೋಯಿತು. ಬಿಲ್ಲಿಗಿಂತ 13,835 ಕಮ್ಮಿ, ಅವನು ಅಂದುಕೊಂಡಿದ್ದಕ್ಕಿಂತ ಮೂರು ಪಟ್ಟು ಜಾಸ್ತಿ. ಆ ತಿಂಗಳ ಇಎಂಐ ಜೊತೆ ಇದೂ ಸೇರಿ ಅವನ ಉಳಿತಾಯ ಬರಿದಾಯಿತು. ಮೊದಲೇ ಗೊತ್ತಿದ್ದರೆ ಈ ವರ್ಷ ಹಾಲ್ ಮಾತ್ರ ಹೊಡೆಸುತ್ತಿದ್ದೆ ಅಂದ.

ಮಾತಿನಲ್ಲಿ ಮುಗಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿಗೆ ಹೋಗುವ ಮೊದಲು ಅಳತೆ, ಮೆಸೇಜು, ಬಿಲ್ಲು ಜೋಡಿಸಿಟ್ಟುಕೊಳ್ಳಿ.

ಪ್ರಶ್ನೆ: ಮುಂದಿನ ಸಲ ಫೋನ್ ಇಟ್ಟ ಮೇಲೆ ಏನು ಮಾಡಲಿ?

ಈ ಮೆಸೇಜು ಕಳಿಸಿ, ಅವರು ಬಂದು ಅಳೆದು ಉತ್ತರ ಕೊಟ್ಟ ಮೇಲೆಯೇ ಅಡ್ವಾನ್ಸ್ ಹಾಕು:

"ನೀವು ಹೇಳಿದ ರೇಟು ಗೋಡೆ ಮತ್ತು ಸೀಲಿಂಗ್ ಚದರಡಿಗೆ ತಾನೇ? ಅಳೆದು ಒಟ್ಟು ಎಷ್ಟು ಚದರಡಿ ಅಂತ ಬರೆದು ಕಳಿಸಿ. ಬಾಗಿಲು, ಕಿಟಕಿ, ವಾರ್ಡ್‌ರೋಬ್ ಕಳೀತೀರಾ? ಎಷ್ಟು ಕೋಟ್? ಪುಟ್ಟಿ, ಪ್ರೈಮರ್ ಸೇರಿದೆಯಾ? ಜಿಎಸ್‌ಟಿ ಇದ್ದರೆ ನಂಬರ್ ಕಳಿಸಿ. ಹೆಚ್ಚಿನ ಕೆಲಸ ಬಂದರೆ ಫೋಟೊ, ರೇಟು ಕಳಿಸಿ, ನಾನು ಸರಿ ಅಂತ ಬರೆದ ಮೇಲೆ ಶುರು ಮಾಡಿ."

ಹೊರಡುವಾಗ ಮೇಸ್ತ್ರಿಗೂ ಈ ಮೆಸೇಜು ತೋರಿಸಿದೆ. ಓದಿ, "ಇದನ್ನ ನನಗೂ ಕಳಿಸಿ ಸರ್, ಬೇರೆ ಗಿರಾಕಿಗೆ ನಾನೇ ಮೊದಲು ಹಾಕ್ತೀನಿ" ಅಂದ.